ಮನೆ ನೋಡುವ ಮೊದಲೇ ಡಿಪಾಸಿಟ್ ಕೇಳಿದರೆ: ಜರ್ಮನಿಯ ಬಾಡಿಗೆ ಮೋಸದ ಲೆಕ್ಕಾಚಾರ

ಚಿಕ್ಕಪ್ಪನ ಮಗನಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತ್ತು. ಹೊರಡಲು ಮೂರು ವಾರ ಇರುವಾಗ ಮೈಸೂರಿನಿಂದ ಫೋನ್ ಮಾಡಿದ: "ಅಣ್ಣಾ, ಮನೆ ಸಿಕ್ತು! ನನಗಿನ್ನೂ ಅಲ್ಲಿ ಅಕೌಂಟ್ ಇಲ್ವಲ್ಲ, 2,280 ಯೂರೋ ನೀನೇ ಕಳಿಸಿಬಿಡು, ಬಂದ ತಕ್ಷಣ ಕೊಡ್ತೀನಿ." ಶ್ವಾಬಿಂಗ್‌ನಲ್ಲಿ 58 ಚದರ ಮೀಟರಿನ ಎರಡು ಕೋಣೆಯ ಮನೆ. ಕಾಲ್ಟ್‌ಮೀಟೆ, ಅಂದರೆ ಹೀಟಿಂಗ್, ನೀರು ಇತ್ಯಾದಿ ಬಿಟ್ಟ ಮೂಲ ಬಾಡಿಗೆ, 620 ಯೂರೋ. ಎಲ್ಲ ಸೇರಿ ತಿಂಗಳಿಗೆ 780. ಡಿಪಾಸಿಟ್ 1,500. ಹಣ ಬಂದ ಮೇಲೆ ಮಾಲೀಕರು ಕೀಲಿಯನ್ನು ಕೊರಿಯರ್‌ನಲ್ಲಿ ಕಳಿಸುತ್ತಾರಂತೆ.

ನಾನು ಮೊದಲು ಮಾಡಿದ್ದು ಒಂದು ಸಣ್ಣ ಭಾಗಾಕಾರ. 620ನ್ನು 58ರಿಂದ ಭಾಗಿಸಿದರೆ ಚದರ ಮೀಟರಿಗೆ ಹನ್ನೊಂದು ಯೂರೋ ಕೂಡ ಆಗುವುದಿಲ್ಲ. ಮ್ಯೂನಿಕ್‌ನ ಹೊಸ ಜಾಹೀರಾತುಗಳಲ್ಲಿ 20 ಯೂರೋ ದಾಟುವುದು ಸಾಮಾನ್ಯ. ಅರ್ಧ ಬೆಲೆಗೆ ಮನೆ ಕೊಡುವವರು ಇಲ್ಲವೇ ಇಲ್ಲ ಅಂತಲ್ಲ. ಆದರೆ ಅಂಥವರ ಬಾಗಿಲಿಗೆ ನೂರಾರು ಜನ ಬಂದಿರುತ್ತಾರೆ, ಅವರು ಮೈಸೂರಿನಲ್ಲಿರುವ ಅಪರಿಚಿತನಿಗೆ ಕಾಯುವುದಿಲ್ಲ.

ಆಮೇಲೆ ಡಿಪಾಸಿಟ್. ಇದು ಹೆಚ್ಚಿನವರು ತಪ್ಪುವ ಜಾಗ. ಜರ್ಮನ್ ಸಿವಿಲ್ ಕಾಯ್ದೆಯ 551ನೇ ಕಲಮಿನ ಪ್ರಕಾರ ಡಿಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ. ಇಲ್ಲಿ ಮಿತಿ 1,860, ಕೇಳಿದ್ದು 1,500. ಮೊತ್ತದಲ್ಲಿ ತಪ್ಪೇ ಇಲ್ಲ! ತಪ್ಪಿರುವುದು ಸಮಯದಲ್ಲಿ. ಅದೇ ಕಲಮು ಡಿಪಾಸಿಟ್ಟನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕನ್ನು ಬಾಡಿಗೆದಾರನಿಗೆ ಕೊಡುತ್ತದೆ, ಮೊದಲ ಕಂತು ಕೊಡಬೇಕಾದ್ದು ಬಾಡಿಗೆ ಶುರುವಾದಾಗ. ಅಂದರೆ ನಮ್ಮ ಲೆಕ್ಕದಲ್ಲಿ 500 ಯೂರೋ, ಅದೂ ಕೀಲಿ ಕೈಗೆ ಬರುವ ಹೊತ್ತಿಗೆ. ಎಷ್ಟೋ ಮಾಲೀಕರು ಕೀಲಿ ಕೊಡುವ ದಿನ ಪೂರ್ತಿ ಕೇಳುತ್ತಾರೆ, ನಾವೂ ಕೊಡುತ್ತೇವೆ. ಆದರೆ ಮನೆ ನೋಡುವ ಮೊದಲೇ ಕೇಳುವವರಿಗೆ ಈ ಕಾನೂನು ಗೊತ್ತಿರುವುದಿಲ್ಲ, ಅಥವಾ ಮನೆಯೇ ಇರುವುದಿಲ್ಲ.

ಮೂರನೆಯದು ಫೋಟೋ. ಅಡುಗೆಮನೆಯ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಗೋಡೆಯಲ್ಲಿದ್ದದ್ದು ಮೂರು ಚೌಕ ತೂತಿನ ಬ್ರಿಟಿಷ್ ಸಾಕೆಟ್, ಪಕ್ಕದಲ್ಲೇ ಸ್ವಿಚ್. ಜರ್ಮನಿಯ ಮನೆಗಳಲ್ಲಿ ಇರುವುದು ದುಂಡಗಿನ ಕುಳಿಯಲ್ಲಿ ಎರಡು ತೂತಿನ ಸಾಕೆಟ್. ಅದೇ ಚಿತ್ರವನ್ನು ಇಮೇಜ್ ಸರ್ಚ್‌ಗೆ ಹಾಕಿದಾಗ ಲಂಡನ್ನಿನ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಸಿಕ್ಕಿತು.

ಇಷ್ಟಾದರೂ ತಮ್ಮನಿಗೆ ನಂಬಿಕೆ ಹೋಗಲಿಲ್ಲ. "ಪಾಸ್‌ಪೋರ್ಟ್ ಕಾಪಿ ಕಳಿಸಿದ್ದಾರೆ ಅಣ್ಣಾ. ಬ್ಯಾಂಕೇ ಹೆಸರು ಚೆಕ್ ಮಾಡುತ್ತಲ್ಲ?" ಅಂದ. ಕೇಳಿದ್ದು ಸರಿ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು ಹಣ ಕಳಿಸುವ ಮೊದಲು ಹೆಸರು ಮತ್ತು ಐಬ್ಯಾನ್ ತಾಳೆಯಾಗುತ್ತವೆಯೇ ಎಂದು ತೋರಿಸಲೇಬೇಕು. ಆದರೆ ಅದು ಹೇಳುವುದು ಖಾತೆ ಯಾರದು ಅಂತ ಮಾತ್ರ, ಮನೆ ಯಾರದು ಅಂತಲ್ಲ. ಇಲ್ಲಿ ಹಣ ಹೋಗಬೇಕಿದ್ದದ್ದು "ನನ್ನ ಮ್ಯಾನೇಜರ್" ಎಂಬ ಬೇರೆಯವರ ಹೆಸರಿಗೆ, ES ಎಂದು ಶುರುವಾಗುವ ಸ್ಪೇನ್ ಖಾತೆಗೆ. ಆ ಹೆಸರು ಟೈಪ್ ಮಾಡಿದರೆ ತಾಳೆಯಾಗಿಯೇ ಆಗುತ್ತದೆ. DE ಎಂದು ಶುರುವಾದರೂ ನೆಮ್ಮದಿ ಪಡುವಂತಿಲ್ಲ, ಮೋಸ ಹೋದ ಇನ್ನೊಬ್ಬರ ಹೆಸರಲ್ಲೇ ತೆರೆದ ಖಾತೆಗಳೂ ಇರುತ್ತವೆ. ಇನ್ನು ಪಾಸ್‌ಪೋರ್ಟ್ ಕಾಪಿ, ಅದು ಹಿಂದೆ ಮನೆ ಹುಡುಕಿ ಮೋಸ ಹೋದವರದ್ದೇ ಆಗಿರಬಹುದು.

ಕೊನೆಗೆ ಒಂದೇ ಪ್ರಶ್ನೆ ಬರೆಸಿದೆ: "ಶನಿವಾರ ಹತ್ತು ಗಂಟೆಗೆ ನನ್ನ ಗೆಳೆಯ ಬರುತ್ತಾನೆ, ಒಳಗೆ ಬಿಟ್ಟು ತೋರಿಸುವವರು ಯಾರು?" ಊರಲ್ಲಿ ಇಲ್ಲದ ನಿಜವಾದ ಮಾಲೀಕರು ನೆರೆಯವರನ್ನೋ, ಈಗಿರುವ ಬಾಡಿಗೆದಾರರನ್ನೋ ಹೇಳುತ್ತಾರೆ. ಇವರ ಉತ್ತರ: "ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ, ಇವತ್ತೇ ಕಳಿಸಿ." ಅಲ್ಲಿಗೆ ನಮ್ಮ ತೀರ್ಮಾನ ಮುಗಿಯಿತು.

ಹಣ ಉಳಿಯಿತು, ಆದರೆ ತಮ್ಮ ತನ್ನ ಪಾಸ್‌ಪೋರ್ಟ್ ಮತ್ತು ಆಫರ್ ಲೆಟರ್ ಆಗಲೇ ಕಳಿಸಿಬಿಟ್ಟಿದ್ದ. ಮುಂದಿನವರಿಗೆ "ಮಾಲೀಕ" ಇವನೇ ಆಗಬಹುದು. ಆದ್ದರಿಂದ ಜಾಹೀರಾತನ್ನು ಸೈಟ್‌ಗೆ ರಿಪೋರ್ಟ್ ಮಾಡಿ, ಮೇಲ್‌ಗಳನ್ನೆಲ್ಲ ಉಳಿಸಿಕೊಂಡು ಪೊಲೀಸ್ ದೂರು ಕೊಟ್ಟೆವು. ನಾಳೆ ಯಾರಾದರೂ ಅವನ ಹೆಸರು ಹಿಡಿದು ಬಂದರೆ ತೋರಿಸಲು ಆ ದೂರಿನ ನಂಬರ್ ಬೇಕು. ಇನ್ನು ಮುಂದೆ ಕಾಪಿ ಕೊಡಬೇಕಾದರೆ, ಮನೆ ನೋಡಿದ ಮೇಲೆ, ಪಾಸ್‌ಪೋರ್ಟ್ ನಂಬರ್ ಮುಚ್ಚಿ, ಮೇಲೆ ಅಡ್ಡಲಾಗಿ "ಇಂಥ ವಿಳಾಸದ ಬಾಡಿಗೆಗೆ ಮಾತ್ರ" ಎಂದು ತಾರೀಕಿನ ಸಮೇತ ಬರೆದು ಕೊಡಿ.

ಹಣ ಹೋಗಿಯೇ ಬಿಟ್ಟಿದ್ದರೆ? ಆ ಕ್ಷಣವೇ ಬ್ಯಾಂಕಿಗೆ ಫೋನ್ ಮಾಡಿ ವಾಪಸಾತಿಗೆ ಕೇಳಬೇಕು. ಮಾಮೂಲಿ ಟ್ರಾನ್ಸ್‌ಫರ್ ಆಗಿದ್ದರೆ, ಹಣ ಆ ಕಡೆ ಜಮೆಯಾಗುವ ಮೊದಲು ಸ್ವಲ್ಪ ಅವಕಾಶ ಇರುತ್ತದೆ. ಇನ್‌ಸ್ಟಂಟ್ ಟ್ರಾನ್ಸ್‌ಫರ್ ಹತ್ತೇ ಸೆಕೆಂಡಿನಲ್ಲಿ ಮುಟ್ಟುತ್ತದೆ. ಜಮೆಯಾದ ಹಣ ಪಡೆದವರು ಒಪ್ಪದೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ತಮ್ಮ ಮೊದಲ ಆರು ವಾರ ಕಂಪನಿಯವರು ಕೊಡಿಸಿದ ತಾತ್ಕಾಲಿಕ ವಸತಿಯಲ್ಲಿದ್ದ. ತುಸು ದುಬಾರಿಯೇ ಆಯಿತು. ಆಮೇಲೆ ತಾನೇ ಹೋಗಿ ಮನೆ ನೋಡಿದ, ಕೀಲಿ ತೆಗೆದುಕೊಂಡ ದಿನ ಮೊದಲ ಕಂತು ಕೊಟ್ಟ.