ಬಟವಾಡೆಗೆ ಕೂರುವ ಮುಂಚೆ

ತಮ್ಮಾ, ಈ ಸಲ ಅಡಿಕೆ ತೋಟದ ಬಸಿಗಾಲುವೆ ಗುತ್ತಿಗೆ ನೀನೇ ಹಿಡಿದಿದ್ದೀಯಂತೆ. ಒಳ್ಳೇದಾಯ್ತು. ಗುದ್ದಲಿ ಹಿಡಿಯೋದನ್ನ ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆಳುಗಳ ಗುಂಪು ಒಡೆಯೋದು ಕೊನೆಯ ದಿನ ದುಡ್ಡು ಎಣಿಸುವಾಗ. ಅದಕ್ಕೇ ಈ ಮಾತು.

ದಿನಗೂಲಿಯಾದರೆ ಲೆಕ್ಕ ಸುಲಭ, ಬಂದ ದಿನಕ್ಕೆ ಸಂಬಳ. ಗುತ್ತಿಗೆ ಹಾಗಲ್ಲ. ಯಜಮಾನರು ಕೊಡೋದು ಮಾರಿಗೆ ಇಷ್ಟು ಅಂತ. ಯಾರು ಎಷ್ಟು ದಿನ ಬಂದರು, ಯಾರ ಕೈ ಚುರುಕು ಅನ್ನೋದು ಅವರಿಗೆ ಬೇಕಿಲ್ಲ. ಅದನ್ನೆಲ್ಲ ನೋಡಬೇಕಾದವನು ನೀನು.

ಒಂದು ಲೆಕ್ಕ ಮಾಡಿ ತೋರಿಸ್ತೀನಿ. 120 ಮಾರು ಕಾಲುವೆ, ಮಾರಿಗೆ 200 ರೂಪಾಯಿ, ಒಟ್ಟು 24,000 ಅಂತಿಟ್ಟುಕೋ. ಅಗೆಯೋಕೆ ನೀನು, ನಿನ್ನ ಭಾವ, ಪಕ್ಕದ ಮನೆಯ ಅಕ್ಕ. ನೀನು ದಿನಕ್ಕೆ 6 ಮಾರು ತೆಗೀತೀಯ, ಭಾವ 4, ಅಕ್ಕ 3. ನಡುವೆ ನಿನಗೆ ಮದುವೆ ಮನೆ ಓಡಾಟ, ನೀನು ಬಂದದ್ದು 8 ದಿನ. ಅಕ್ಕನೂ 8 ದಿನ. ಭಾವ ಮಾತ್ರ 12 ದಿನ ಬಿಡದೆ ಬಂದ.

ಸಮಪಾಲು ಮಾಡಿದರೆ ತಲೆಗೆ 8,000 ಬರುತ್ತೆ. ಬಂದ ದಿನ ಎಣಿಸಿ ಹಂಚಿದರೆ 28 ಆಳಿನ ದಿನಕ್ಕೆ 24,000, ಅಂದರೆ ಭಾವನಿಗೆ ಹತ್ತು ಸಾವಿರದ ಮೇಲೆ, ನಿನಗೂ ಅಕ್ಕನಿಗೂ ಏಳು ಸಾವಿರದ ಒಳಗೆ. ಎರಡೂ ತಪ್ಪು. ದಿನವನ್ನ ಕೈಯ ವೇಗದಿಂದ ಗುಣಿಸು: ನಿನ್ನದು 48 ಮಾರು, ಭಾವನದೂ 48, ಅಕ್ಕನದು 24. ಆಗ ನಿನಗೆ 9,600, ಭಾವನಿಗೆ 9,600, ಅಕ್ಕನಿಗೆ 4,800. ನಾಲ್ಕು ದಿನ ಜಾಸ್ತಿ ಬಂದ ಭಾವನಿಗೆ ನಿನ್ನಷ್ಟೇ ಯಾಕೆ ಅಂತ ಅವನು ಕೇಳಿದರೆ ಕಾಲುವೆಯ ಉದ್ದ ತೋರಿಸು, ಸಾಕು. ಇದೇನೂ ಹೊಸ ವಿದ್ಯೆ ಅಲ್ಲ. ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲೇ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಪಾಲಿಗೆ ತಕ್ಕಂತೆ ಹಂಚುವ ಲೆಕ್ಕ ಬರೆದಿಟ್ಟಿದ್ದಾನೆ.

ಕಷ್ಟ ಇರೋದು ಗುಣಾಕಾರದಲ್ಲಲ್ಲ, ಆ 6, 4, 3 ಎಲ್ಲಿಂದ ಬಂತು ಅನ್ನೋದರಲ್ಲಿ. ಹೆಣ್ಣಾಳು ಅಂದ ಕೂಡಲೇ ಅರ್ಧ ಲೆಕ್ಕ ಹಿಡಿಯೋ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡಬಾರದು ಅಂತ 1976ರಲ್ಲೇ ಕಾನೂನು ಬಂದಿದೆ. ಅಕ್ಕನ 3 ಅನ್ನೋದು ಕೋಲು ಹಿಡಿದು ಅಳೆದ 3 ಆಗಿರಬೇಕು, ಬಾಯಲ್ಲಿ ಹೇಳಿದ್ದಲ್ಲ. ಮೊದಲ ಎರಡು ದಿನ ದಾರ ಕಟ್ಟಿ ಒಬ್ಬೊಬ್ಬರಿಗೆ ಬೇರೆ ಹಿಸೆ ಬಿಡು. ಎರಡನೇ ದಿನ ಜಾಗ ಬದಲಿಸು. ಯಾಕಂದರೆ ಒಂದು ಕಡೆ ಮೆತ್ತನೆ ಕೆಸರುಮಣ್ಣು, ಇನ್ನೊಂದು ಕಡೆ ಒಂದಡಿ ಕೆಳಗೇ ಜಂಬಿಟ್ಟಿಗೆ ಸಿಗುತ್ತೆ. ಪಿಕಾಸಿ ಹಾಕಿದವನ 3 ಮಾರು, ಗುದ್ದಲಿಯಲ್ಲೇ ಎಳೆದವನ 6 ಮಾರಿಗೆ ಸಮ ಆಗಿಬಿಡಬಹುದು. ಉದ್ದದ ಜೊತೆ ಅಗಲ, ಆಳಾನೂ ನೋಡು. ಚುರುಕು ಅಂತ ಹೆಸರು ತಗೊಂಡವರು ತಳ ಎತ್ತದೆ ಮುಂದೆ ಹೋಗಿರ್ತಾರೆ. ಮಳೆ ಬಂದಾಗ ಅಲ್ಲೇ ನೀರು ನಿಲ್ಲೋದು.

ಒಂದು ಸಮಾಧಾನ ಇದೆ. ದುಡ್ಡು ಮೊದಲೇ ಗೊತ್ತಾಗಿರೋದರಿಂದ ನಿನಗೆ ಬೇಕಾದ್ದು ಪ್ರಮಾಣ ಮಾತ್ರ. ಮೂವರೂ ಅಂದಾಜಿಗಿಂತ ನಿಧಾನವಾಗಿ, ಒಂದೇ ಸಮ ಹಿಂದೆ ಬಿದ್ದರೂ 6ಕ್ಕೆ 4ಕ್ಕೆ 3 ಅನ್ನೋದು ಕೆಡಲ್ಲ, ಹಂಚಿಕೆಯೂ ಕೆಡಲ್ಲ. ಆದರೆ ಒಬ್ಬರಿಗೆ ಮಾತ್ರ ಮಧ್ಯೆ ಸೊಂಟ ಹಿಡಿದು ಕೈ ಸೋತರೆ ಅವತ್ತಿಂದ ಹೊಸದಾಗಿ ಅಳೆದು ಬರೆದುಕೋ.

ಇನ್ನು ಮುಂಗಡ. ಭಾವ ನಡುವೆ ಯಜಮಾನರಿಂದ 3,000 ಈಸಿಕೊಂಡಿದ್ದ ಅಂತಿಟ್ಟುಕೋ. ಕೊನೆಗೆ ನಿನ್ನ ಕೈಗೆ ಬರೋದು 21,000. ಆ 21,000ವನ್ನೇ ಹಂಚಿ, ಆಮೇಲೆ ಭಾವನ ಪಾಲಿನಲ್ಲಿ 3,000 ಹಿಡಿದರೆ ನಿನಗೆ 8,400, ಅವನಿಗೆ 5,400, ಅಕ್ಕನಿಗೆ 4,200. ಕೂಡಿಸಿ ನೋಡು, 18,000. ಮಿಕ್ಕ 3,000 ನಿನ್ನ ಜೇಬಲ್ಲೇ ಉಳೀತು. ಎಷ್ಟೋ ಮೇಸ್ತ್ರಿಗಳಿಗೆ ಕೆಟ್ಟ ಹೆಸರು ಬರೋದು ಇಲ್ಲೇ, ಕೆಲವರಿಗೆ ತಿಳಿದೇ, ಕೆಲವರಿಗೆ ತಿಳಿಯದೆ. ಮುಂಗಡವನ್ನ ಮೊದಲು ಒಟ್ಟಿಗೆ ಸೇರಿಸು, 24,000ವನ್ನೇ ಹಂಚು, ಆಮೇಲೆ ತಗೊಂಡವನ ಪಾಲಲ್ಲಿ ಕಳಿ: 9,600, 6,600, 4,800. ಕೈಯಲ್ಲಿದ್ದ 21,000 ಸರಿಯಾಗಿ ಮುಗಿಯುತ್ತೆ. ಗುದ್ದಲಿ ಹದ ಹಾಕಿಸಿದ್ದು, ಚಾ-ತಿಂಡಿ ಮಾತ್ರ ಹಂಚೋ ಮುಂಚೆಯೇ ಒಟ್ಟಿನಲ್ಲಿ ತೆಗೆದುಬಿಡು.

ಹಾಜರಿ ಪುಸ್ತಕ ನಿನ್ನ ಹತ್ತಿರ ಇರಲಿ, ಆದರೆ ದಿನಾ ಸಂಜೆ ಮೂವರೆದುರೇ ಓದು. ಮುಂದಿನ ವರ್ಷ ಇದೇ ಮೂವರು ಇಳಿದರೂ ಈ ಸಲದ 6, 4, 3 ಇಟ್ಟುಕೊಂಡು ಕೂರಬೇಡ, ಮೊದಲ ದಿನವೇ ಮತ್ತೆ ದಾರ ಕಟ್ಟು.