ಬಡ್ಡಿ ಕಡಿಮೆ ಎಂದು ಗೃಹಸಾಲವನ್ನು ಬೇರೆ ಬ್ಯಾಂಕಿಗೆ ಒಯ್ಯಬಹುದೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 38. ಹೌಸಿಂಗ್ ಫೈನಾನ್ಸ್ ಕಂಪನಿಯಿಂದ ಪಡೆದ ಮನೆ ಸಾಲದಲ್ಲಿ 30 ಲಕ್ಷ ಬಾಕಿ ಇದೆ, ಇನ್ನೂ 15 ವರ್ಷ ಕಟ್ಟಬೇಕು. ಫ್ಲೋಟಿಂಗ್ ಬಡ್ಡಿ ಶೇ 9.5, ಕಂತು 31,327 ರೂಪಾಯಿ. ಒಂದು ಬ್ಯಾಂಕು ಶೇ 8.5ಕ್ಕೆ ಸಾಲವನ್ನು ತೆಗೆದುಕೊಳ್ಳುತ್ತೇವೆ, 20 ವರ್ಷ ಮಾಡಿಕೊಂಡರೆ ಕಂತು 26 ಸಾವಿರಕ್ಕೆ ಇಳಿಯುತ್ತದೆ ಎನ್ನುತ್ತಿದೆ. ಎಲ್ಲ ಸೇರಿ ಖರ್ಚು 38 ಸಾವಿರ. ಈಗಿನ ಕಂಪನಿಯವರನ್ನು ಕೇಳಿದ್ದಕ್ಕೆ 5,900 ಕಟ್ಟಿದರೆ ಶೇ 8.75 ಮಾಡಿಕೊಡುತ್ತಾರಂತೆ. ಮೂರು ವರ್ಷದಲ್ಲಿ ಊರಿನ ಸೈಟ್ ಮಾರಿ ಸಾಲ ತೀರಿಸುವ ಯೋಚನೆಯಿದೆ. ಮನೆಯಲ್ಲಿ ಎಲ್ಲರೂ ಬ್ಯಾಂಕಿಗೆ ಬದಲಿಸು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ 26 ಸಾವಿರದ ಕಂತನ್ನು ತಲೆಯಿಂದ ತೆಗೆದುಹಾಕಿ. ಅದು ಬಡ್ಡಿ ಇಳಿದದ್ದಕ್ಕಿಂತ ಹೆಚ್ಚಾಗಿ ಅವಧಿ ಐದು ವರ್ಷ ಉದ್ದವಾದದ್ದರಿಂದ ಬಂದ ಅಂಕಿ. ಈಗಿನ ಸಾಲವನ್ನು ಹೀಗೇ ಮುಂದುವರಿಸಿದರೆ ನೀವು ಒಟ್ಟು ಕಟ್ಟುವುದು ಸುಮಾರು 56.4 ಲಕ್ಷ. ಶೇ 8.5ರಲ್ಲಿ 20 ವರ್ಷ ಕಟ್ಟಿದರೆ 62.5 ಲಕ್ಷ. ಬಡ್ಡಿ ದರ ಕಡಿಮೆಯಾದರೂ ಆರು ಲಕ್ಷ ಹೆಚ್ಚು ಹೋಗುತ್ತದೆ. ಹೋಲಿಸುವಾಗ ಬಾಕಿ ಅವಧಿ ಎರಡೂ ಕಡೆ ಒಂದೇ ಇರಲಿ.

ನಿಮ್ಮ ಮನೆಯವರು ಶೇ 9.5 ಮತ್ತು ಶೇ 8.5ನ್ನು ಹೋಲಿಸುತ್ತಿದ್ದಾರೆ. ಆ ಲೆಕ್ಕದಲ್ಲಿ ಬ್ಯಾಂಕೇ ಸರಿ: 30 ಲಕ್ಷಕ್ಕೆ ಶೇ 1 ಅಂದರೆ ಮೊದಲ ವರ್ಷ ಹತ್ತಿರಹತ್ತಿರ 30 ಸಾವಿರ ಉಳಿತಾಯ, 38 ಸಾವಿರದ ಖರ್ಚು 16 ತಿಂಗಳಲ್ಲಿ ಹುಟ್ಟುತ್ತದೆ. ಆದರೆ ಕಂಪನಿಯೇ ಶೇ 8.75 ಕೊಡುತ್ತೇನೆ ಎಂದ ಮೇಲೆ ಶೇ 9.5ರ ಮಾತು ಮುಗಿಯಿತು. ಈಗ ಇರುವ ವ್ಯತ್ಯಾಸ ಶೇ 0.25 ಮಾತ್ರ, ಅಂದರೆ ಮೊದಲ ವರ್ಷಕ್ಕೆ ಸುಮಾರು 7,500. ಅಸಲು ಕರಗಿದಂತೆ ಅದೂ ಇಳಿಯುತ್ತದೆ. ಮೂರು ವರ್ಷಕ್ಕೆ 21 ಸಾವಿರದ ಆಸುಪಾಸು. ಅದಕ್ಕಾಗಿ ನೀವು ಹೆಚ್ಚಿಗೆ ಖರ್ಚು ಮಾಡಬೇಕಾದದ್ದು 32,100. ಮೂರು ವರ್ಷದಲ್ಲಿ ಸಾಲ ತೀರಿಸುವುದು ನಿಜವಾದರೆ ಕಂಪನಿಯಲ್ಲೇ ಉಳಿದು ದರ ಇಳಿಸಿಕೊಳ್ಳಿ.

ಸೈಟ್ ಮಾರಾಟ ಐದು ವರ್ಷ ಮೀರಿ ಎಳೆಯಬಹುದು ಅನಿಸಿದರೆ ನನ್ನ ಉತ್ತರ ಬೇರೆ. ಆಗ ಖರ್ಚು ಹುಟ್ಟುವುದಷ್ಟೇ ಅಲ್ಲ, ಇನ್ನೊಂದು ಕಾರಣವೂ ಇದೆ. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕು. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊವನ್ನು ಶೇ 6.5ರಿಂದ 5.5ಕ್ಕೆ ಇಳಿಸಿದಾಗ ರೆಪೊಗೆ ಜೋಡಿಸಿದ ಸಾಲಗಳ ಬಡ್ಡಿ ತಾನಾಗಿ ಇಳಿಯಿತು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ. ಅವುಗಳ ಮೂಲ ದರ ಅವರದೇ ನಿರ್ಧಾರ. ಇವತ್ತು ಇಳಿಸಿಕೊಂಡ ದರ ಎರಡು ವರ್ಷದಲ್ಲಿ ಮತ್ತೆ ಮಾರುಕಟ್ಟೆಗಿಂತ ಮೇಲೆ ನಿಂತಿರಬಹುದು, ಮತ್ತೆ ಹೋಗಿ ಕೇಳಬೇಕಾಗಬಹುದು.

ಹಾಗೆ ಬ್ಯಾಂಕಿಗೆ ಹೋಗುವುದೇ ಆದರೆ 38 ಸಾವಿರದಲ್ಲಿ ಏನೇನಿದೆ ಎಂದು ಬರವಣಿಗೆಯಲ್ಲಿ ಕೇಳಿ. ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ, ಹಕ್ಕುಪತ್ರ ಅಡವಿಟ್ಟದ್ದಕ್ಕೆ ಮುದ್ರಾಂಕ ಶುಲ್ಕ ಇಷ್ಟೂ ಇರಬೇಕು. ಪ್ರೊಸೆಸಿಂಗ್ ಶುಲ್ಕದಲ್ಲಿ ಚೌಕಾಸಿ ನಡೆಯುತ್ತದೆ, ಮುದ್ರಾಂಕದಲ್ಲಿ ನಡೆಯದು. ಸಾಲದ ವಿಮೆಯ ಕಂತನ್ನು ಅಸಲಿಗೆ ಸೇರಿಸಿದ್ದಾರಾ ನೋಡಿ. ಮಂಜೂರಾತಿ ಪತ್ರದಲ್ಲಿ ಮೊತ್ತ 30 ಲಕ್ಷದ ಬದಲು 31 ಲಕ್ಷ ಎಂದಿದ್ದರೆ ಬಹುಶಃ ಅದೇ ಕಾರಣ. ಆ ವಿಮೆ ಕಡ್ಡಾಯವಲ್ಲ, ಬೇಡವೆನ್ನಬಹುದು. ಹೊಸ ಬ್ಯಾಂಕಿನ ಚೆಕ್ ಹಳೆಯ ಕಂಪನಿಯಲ್ಲಿ ಜಮೆಯಾಗುವವರೆಗಿನ ದಿನಗಳಿಗೆ ಎರಡೂ ಕಡೆ ಬಡ್ಡಿ ಓಡುತ್ತದೆ. ಅದನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ. ನಿಮ್ಮದು ಫ್ಲೋಟಿಂಗ್ ದರದ ವೈಯಕ್ತಿಕ ಗೃಹಸಾಲವಾದ್ದರಿಂದ ಅವಧಿಗೆ ಮುನ್ನ ಮುಗಿಸಿದ್ದಕ್ಕೆ ಹಳೆಯವರು ದಂಡ ಕೇಳುವಂತಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ಮರಳಿಸದಿದ್ದರೆ, ತಪ್ಪು ಅವರದಾಗಿದ್ದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಸದ್ಯಕ್ಕೆ ಒಂದು ಪ್ರಯತ್ನ ಬಾಕಿ ಇದೆ. ಬ್ಯಾಂಕಿನ ಮಂಜೂರಾತಿ ಪತ್ರದ ಪ್ರತಿಯೊಂದಿಗೆ ಕಂಪನಿಗೆ ಹೋಗಿ, ಸಾಲ ಮುಕ್ತಾಯದ ಸ್ಟೇಟ್‌ಮೆಂಟ್ ಮತ್ತು ದಾಖಲೆಗಳ ಪಟ್ಟಿಗೆ ಲಿಖಿತ ಅರ್ಜಿ ಕೊಡಿ. ಗ್ರಾಹಕ ಹೊರಟೇಬಿಟ್ಟ ಎನ್ನುವುದು ಖಾತ್ರಿಯಾದಾಗ ಶಾಖೆಯವರ ಕೈಯಲ್ಲಿ ಇಲ್ಲದ ರಿಯಾಯಿತಿ ಮೇಲಿನವರಿಂದ ಬರುವುದುಂಟು. ಶೇ 8.6ಕ್ಕೆ ಒಪ್ಪಿದರೂ ನಿಮಗೆ ಲಾಭವೇ. ಒಪ್ಪದಿದ್ದರೆ 8.75 ಹೇಗೂ ಇದೆ.

ದರ ಇಳಿಸಿದ ಪತ್ರವನ್ನು ಕೈಗೆ ಪಡೆದೇ ಹಣ ಕಟ್ಟಿ, ಕಂತು ಮಾತ್ರ 31,327 ಇರುವಂತೆಯೇ ಇರಲಿ ಎಂದು ಬರೆದುಕೊಡಿ. ಶೇ 8.75ರಲ್ಲಿ ಇದೇ ಕಂತು ಕಟ್ಟಿದರೆ 180 ತಿಂಗಳ ಸಾಲ 165 ತಿಂಗಳಿಗೆ ಮುಗಿಯುತ್ತದೆ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ದರವೂ ಉಳಿದ ಕಂತುಗಳ ಸಂಖ್ಯೆಯೂ ಬದಲಾಗಿವೆಯೇ ಎಂದು ನೋಡಿ. ಆಗಿರದಿದ್ದರೆ ಅದೇ ವಾರ ಪತ್ರ ಹಿಡಿದು ಶಾಖೆಗೆ ಹೋಗಿ.