ಶೀತಲ ನೀರಿನ ಕೊಳವೆಯಲ್ಲಿ ಉಷ್ಣಾಂಶದ ಏರಿಕೆ

ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕಾದರೆ ಅದಕ್ಕಿಂತ ತಣ್ಣಗಿನ ನೀರು ಬೇಕು. ಶೀತಲೀಕರಣ ಯಂತ್ರವು ಹಾಲಿನ ವಿಭಾಗದಿಂದ ದೂರವಿದ್ದರೆ ದಾರಿಯುದ್ದಕ್ಕೂ ಕೊಳವೆಯೊಳಕ್ಕೆ ಶಾಖ ಸೇರುತ್ತದೆ.

ಯಲಿಯೂರಿನ ಸುತ್ತಮುತ್ತ ಇಂತಹ ಘಟಕವೊಂದಿದೆ ಎಂದು ಭಾವಿಸಬಹುದು. ಕೊಳವೆ 200 ಮೀಟರ್ ಉದ್ದ, ಹೊರವ್ಯಾಸ 114 ಮಿ.ಮೀ., ನೀರು 2 ಡಿಗ್ರಿ, ಬೇಸಿಗೆಯ ಗಾಳಿ 35 ಡಿಗ್ರಿ. 50 ಮಿ.ಮೀ. ದಪ್ಪದ ಒಳ್ಳೆಯ ಶಾಖನಿರೋಧಕ ಹೊದಿಕೆಯಿದ್ದರೆ ಪ್ರತಿ ಮೀಟರಿಗೆ ಸುಮಾರು 11 ವ್ಯಾಟ್, ಒಟ್ಟು 2.2 ಕಿಲೋವ್ಯಾಟ್ ಶಾಖ ಒಳಸೇರುತ್ತದೆ. ಉಷ್ಣಾಂಶದ ಏರಿಕೆಯ ಸೂತ್ರ ಹೀಗಿದೆ:

ΔT = Q ÷ (m × 4.19)

ಇಲ್ಲಿ Q ಕಿಲೋವ್ಯಾಟ್‌ನಲ್ಲಿ ಶಾಖ. m ಸೆಕೆಂಡಿಗೆ ಹರಿಯುವ ನೀರಿನ ಕಿಲೋಗ್ರಾಂ. ಸೆಕೆಂಡಿಗೆ 10 ಕಿಲೋ ಹರಿದರೆ ಏರಿಕೆ ಕೇವಲ 0.05 ಡಿಗ್ರಿ. ಹರಿವು 1 ಕಿಲೋಗೆ ಇಳಿದರೆ ಅದೇ ಶಾಖ 0.5 ಡಿಗ್ರಿ ಏರಿಸುತ್ತದೆ. ಕೊಳವೆ ಬರಿದಾಗಿದ್ದರೆ ಒಳಸೇರುವ ಶಾಖ ಸುಮಾರು 24 ಕಿಲೋವ್ಯಾಟ್. ಕಡಿಮೆ ಹರಿವಿನಲ್ಲಿ ನೀರು 5 ಡಿಗ್ರಿಗೂ ಹೆಚ್ಚು ಬಿಸಿಯಾಗಿ, ಹಾಲನ್ನು 4 ಡಿಗ್ರಿಗೆ ತರಲಾರದು.

ಪೂರ್ಣ ಹರಿವಿನಲ್ಲಿ ಬರಿಯ ಕೊಳವೆಯಲ್ಲೂ ಏರಿಕೆ ಸುಮಾರು ಅರ್ಧ ಡಿಗ್ರಿ ಮಾತ್ರ. ಆದುದರಿಂದ ಉಷ್ಣಮಾಪಕವೊಂದನ್ನೇ ನಂಬಿದರೆ ದೋಷ ಕಣ್ಣಿಗೆ ಬೀಳದೆ, ನಷ್ಟವು ವಿದ್ಯುತ್ ಬಿಲ್ಲಿನಲ್ಲಿ ಸೇರುತ್ತಲೇ ಇರುತ್ತದೆ. ಹರಿವು ಕಡಿಮೆಯಿರುವಾಗ ಒಂದೇ ಉಷ್ಣಮಾಪಕದಿಂದ ಎರಡೂ ತುದಿಗಳನ್ನು ಅಳೆಯುವುದು ಲೇಸು; ಪಂಪಿನ ಶಾಖ ಬೆರೆಯದಂತೆ ಮೊದಲ ಅಳತೆಯನ್ನು ಪಂಪಿನ ನಂತರ ತೆಗೆದುಕೊಳ್ಳಬೇಕು. ಹೊದಿಕೆಯ ಮೇಲೆ ನೀರು ಬೆವರಿದ್ದರೆ ಆವಿತಡೆ ಪದರ ಹರಿದು, ಒಳಭಾಗ ನೆನೆದಿರುವ ಸಂಭವವಿದೆ. ನೆನೆದ ಹೊದಿಕೆ ಶಾಖವನ್ನು ತಡೆಯಲಾರದು. ಆ ಭಾಗವನ್ನು ತೆಗೆದು ಹೊಸದನ್ನು ಹಾಕಬೇಕು.